ನಾಲ್ವರಲ್ಲಿ ಒಬ್ಬರು ಹೊರಟಾಗ: ಬಾಡಿಗೆ ಮರುಹಂಚಿಕೆಯ ಪತ್ರ

ಹಂಚಿಕೊಂಡ ಬಾಡಿಗೆ ಮನೆಯಿಂದ ಒಬ್ಬರು ಹೊರಟಾಗ, ಉಳಿದವರಲ್ಲಿ ಒಬ್ಬರು ಇತರರಿಗೆ ಹೊಸ ಲೆಕ್ಕವನ್ನು ಬರೆದು ಒಪ್ಪಿಗೆ ಕೇಳುವ ಕಾಗದವೇ ಮರುಹಂಚಿಕೆಯ ಪತ್ರ. ಮನೆಯ ಬಾಡಿಗೆಯಲ್ಲಿ ಯಾರ ಪಾಲು ಎಷ್ಟು, ಕರೆಂಟ್ ಬಿಲ್ಲನ್ನು ಹೇಗೆ ಹಂಚಬೇಕು, ಹೊರಟವರ ಅಡ್ವಾನ್ಸ್ ಹಣವನ್ನು ಯಾರು ಕೊಡಬೇಕು, ಈ ಏರ್ಪಾಡು ಎಂದಿನಿಂದ ಎಂದಿನವರೆಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕೆಂದು ಬಂದು ಮೂರ್ನಾಲ್ಕು ಮಂದಿ ಸೇರಿ ಮನೆ ಹಿಡಿಯುವುದು ಸಾಮಾನ್ಯ. ಆದರೆ ಒಬ್ಬರು ಹೊರಟಾಗ ಈ ಲೆಕ್ಕವೆಲ್ಲ ಹೆಚ್ಚಾಗಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಅದರ ತೊಂದರೆ ಎರಡು ಮೂರು ತಿಂಗಳ ಬಳಿಕ ಕಾಣಿಸಿಕೊಳ್ಳುತ್ತದೆ.

ಪತ್ರ ಏಕೆ ಬೇಕು ಎಂಬುದಕ್ಕೆ ಕಾನೂನಿನಲ್ಲೇ ಒಂದು ಕಾರಣವಿದೆ. ನಾಲ್ವರೂ ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದರೆ ಮಾಲೀಕರ ಎದುರು ಅವರು ಜಂಟಿ ಹೊಣೆಗಾರರು. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಮಾಲೀಕರು ಪೂರ್ತಿ ಬಾಡಿಗೆಯನ್ನು ಅವರಲ್ಲಿ ಯಾರೊಬ್ಬರಿಂದಲಾದರೂ ಕೇಳಬಹುದು. ಹಾಗೆ ಕೊಟ್ಟವರು ಉಳಿದವರಿಂದ ಸಮಪಾಲು ವಸೂಲು ಮಾಡಬಹುದು. ಒಬ್ಬರು ತಮ್ಮ ಪಾಲು ಕೊಡದೆ ಹೋದರೆ ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು. ಹೀಗಾಗಿ ‘ನಾನು ಚಿಕ್ಕ ಕೋಣೆಯವನು, ನನ್ನ ಪಾಲು ಇಷ್ಟೇ’ ಎಂಬ ಮಾತು ಮಾಲೀಕರಿಗೆ ಸಂಬಂಧಿಸಿದ್ದಲ್ಲ. ಅದು ಮನೆಯವರ ನಡುವಿನ ಒಪ್ಪಂದ. ಅದಕ್ಕೆ ಬರಹದ ಆಧಾರವಿಲ್ಲದಿದ್ದರೆ ಜಗಳ ಬಂದ ದಿನ ಉಳಿಯುವುದು ಕಾಯ್ದೆಯ ಸಮಪಾಲು ಮಾತ್ರ. ದೊಡ್ಡ ಕೋಣೆ, ಚಿಕ್ಕ ಕೋಣೆ ಎಂಬ ವ್ಯತ್ಯಾಸವನ್ನು ಆ ಸಮಪಾಲು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಮಾದರಿ ಮನೆಯನ್ನು ಇಟ್ಟುಕೊಂಡು ಲೆಕ್ಕ ನೋಡಬಹುದು. ಮೂರು ಮಲಗುವ ಕೋಣೆಗಳ ಫ್ಲ್ಯಾಟ್, ತಿಂಗಳಿಗೆ 42,000 ರೂಪಾಯಿ ಬಾಡಿಗೆ. ಅಟ್ಯಾಚ್ಡ್ ಬಾತ್‌ರೂಮ್ ಇರುವ ದೊಡ್ಡ ಕೋಣೆಯಲ್ಲಿ ಇಬ್ಬರಿದ್ದು ತಲಾ 9,000 ಕೊಡುತ್ತಿದ್ದರು. ಉಳಿದ ಎರಡು ಕೋಣೆಗಳಲ್ಲಿ ಒಬ್ಬೊಬ್ಬರಿದ್ದು ತಲಾ 12,000 ಕೊಡುತ್ತಿದ್ದರು. ದೊಡ್ಡ ಕೋಣೆಯ ಇಬ್ಬರಲ್ಲಿ ಒಬ್ಬ ಕೆಲಸ ಬದಲಾಯಿಸಿ ಪುಣೆಗೆ ಹೊರಟಿದ್ದಾನೆ. ಜೂನ್ ಕೊನೆಯವರೆಗಿನ ಪಾಲನ್ನು ಕೊಟ್ಟು ಹೋಗುತ್ತಾನೆ. ಜುಲೈ ಒಂದರಿಂದ 9,000 ರೂಪಾಯಿ ಕಡಿಮೆ ಬೀಳುತ್ತದೆ.

ಈ 9,000ವನ್ನು ಮೂವರಲ್ಲಿ ಸಮನಾಗಿ ಹಂಚಿದರಾಯಿತು ಎಂಬುದು ಮೊದಲು ಹೊಳೆಯುವ ದಾರಿ. ಆಗ ದೊಡ್ಡ ಕೋಣೆಯವನ ಪಾಲು 12,000 ಆಗುತ್ತದೆ, ಚಿಕ್ಕ ಕೋಣೆಯ ಇಬ್ಬರದು ತಲಾ 15,000. ಅಟ್ಯಾಚ್ಡ್ ಬಾತ್‌ರೂಮ್ ಇರುವ ದೊಡ್ಡ ಕೋಣೆಯನ್ನು ಒಬ್ಬನೇ ಅನುಭವಿಸುವವನು ಎಲ್ಲರಿಗಿಂತ ಕಡಿಮೆ ಕೊಟ್ಟಂತಾಯಿತು. ಇದಕ್ಕೆ ಎದುರಾಗಿ, ದೊಡ್ಡ ಕೋಣೆಯ 18,000ವನ್ನೂ ಉಳಿದ ಒಬ್ಬನೇ ಕೊಡಲಿ ಎಂಬ ವಾದವಿದೆ. ಆಗ ತಾನು ಕೇಳದೇ ಇದ್ದ ಬದಲಾವಣೆಗೆ ಒಬ್ಬನ ಬಾಡಿಗೆ ಒಂದೇ ಸಲಕ್ಕೆ ಎರಡರಷ್ಟಾಗುತ್ತದೆ. ಇಷ್ಟು ಕೊಡಲಾಗದೆ ಅವನೂ ಹೊರಟರೆ ಉಳಿದಿಬ್ಬರ ಮೇಲೆ ಪೂರ್ತಿ 42,000 ಬೀಳುತ್ತದೆ. ಎರಡು ದಾರಿಗಳಲ್ಲೂ ಅನ್ಯಾಯವಿದೆ, ಎರಡನೆಯದರಲ್ಲಿ ಅಪಾಯವೂ ಇದೆ.

ಹೆಚ್ಚು ಸಮಂಜಸವಾದುದು ಬಾಡಿಗೆಯನ್ನು ಎರಡು ಭಾಗವಾಗಿ ನೋಡುವ ಕ್ರಮ. ಹಾಲ್, ಅಡುಗೆಮನೆ, ಬಾಲ್ಕನಿ ಎಲ್ಲರಿಗೂ ಸೇರಿದ್ದು, ಮಲಗುವ ಕೋಣೆ ಮಾತ್ರ ಅವರವರದು. ಅರ್ಧ ಬಾಡಿಗೆ ಸಾಮಾನ್ಯ ಜಾಗಕ್ಕೆ, ಅರ್ಧ ಕೋಣೆಗಳಿಗೆ ಎಂದು ಹಿಡಿಯಬೇಕು. ಸಾಮಾನ್ಯ ಜಾಗದ್ದನ್ನು ತಲೆಗೆ ಇಷ್ಟೆಂದೂ ಕೋಣೆಯದ್ದನ್ನು ಚದರಡಿಗೆ ಇಷ್ಟೆಂದೂ ಹಂಚಬೇಕು. ಮಾದರಿ ಮನೆಯ ದೊಡ್ಡ ಕೋಣೆ 160 ಚದರಡಿ, ಉಳಿದೆರಡು 120 ಚದರಡಿ, ಒಟ್ಟು 400. ಕೋಣೆಗಳ ಪಾಲಿನ 21,000ವನ್ನು ಭಾಗಿಸಿದರೆ ಚದರಡಿಗೆ 52 ರೂಪಾಯಿ 50 ಪೈಸೆ. ದೊಡ್ಡ ಕೋಣೆಗೆ 8,400, ಚಿಕ್ಕ ಕೋಣೆಗಳಿಗೆ ತಲಾ 6,300. ಸಾಮಾನ್ಯ ಜಾಗದ 21,000 ಮೂವರಿಗೆ ತಲಾ 7,000. ಎರಡನ್ನೂ ಕೂಡಿಸಿದರೆ ದೊಡ್ಡ ಕೋಣೆಯವನದು 15,400, ಉಳಿದಿಬ್ಬರದು ತಲಾ 13,300. ಒಟ್ಟು 42,000ಕ್ಕೆ ಸರಿಹೋಗುತ್ತದೆ.

ಈ ಸೂತ್ರ ಆ ಮನೆಗೆ ಹೊಂದುತ್ತದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಅದನ್ನೇ ಹಳೆಯ ನಾಲ್ವರಿಗೆ ಅನ್ವಯಿಸಿ ನೋಡಬೇಕು. ಆಗ ದೊಡ್ಡ ಕೋಣೆಯವರಿಗೆ ತಲಾ 9,450, ಚಿಕ್ಕ ಕೋಣೆಯವರಿಗೆ ತಲಾ 11,550 ಬರುತ್ತದೆ. ನಾಲ್ವರೂ ಮೊದಲಿಂದ ಒಪ್ಪಿ ಕೊಡುತ್ತಿದ್ದ 9,000 ಮತ್ತು 12,000ಕ್ಕೆ ಇದು ತೀರ ಹತ್ತಿರ. ಅಂದರೆ ಎಲ್ಲರೂ ನ್ಯಾಯ ಎಂದುಕೊಂಡಿದ್ದ ಹಂಚಿಕೆಯ ಲೆಕ್ಕಾಚಾರವೇ ಹೊಸದರಲ್ಲೂ ಇದೆ ಎಂದು ತೋರಿಸಬಹುದು. ಉತ್ತರ ದೂರ ಬಂದರೆ ಅರ್ಧ–ಅರ್ಧ ಎಂಬ ಪ್ರಮಾಣವನ್ನು ಬದಲಾಯಿಸಬೇಕು. ಹಾಲ್ ತೀರ ಚಿಕ್ಕದಾಗಿರುವ ಮನೆಯಲ್ಲಿ ಸಾಮಾನ್ಯ ಜಾಗಕ್ಕೆ ಅರ್ಧ ಹಿಡಿಯುವುದು ಹೆಚ್ಚಾಗುತ್ತದೆ. ಪತ್ರ ಬರೆಯುವವರು ಈ ಪರೀಕ್ಷೆಯನ್ನು ಬಿಡಬಾರದು. ಹೊಸ ಅಂಕಿಗಳನ್ನು ಕಂಡು ಅನುಮಾನಪಡುವ ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೆ ಜುಲೈ ಒಂದರಿಂದಲೇ ಈ ಹಂಚಿಕೆ ಜಾರಿಗೆ ಬರಬೇಕೆಂದಿಲ್ಲ. ಹೊಸಬರೊಬ್ಬರು ಬರಬಹುದು ಎಂಬ ನಿರೀಕ್ಷೆಯಲ್ಲಿ ಮಂಚ, ಕಪಾಟು ಖಾಲಿ ಇರುವಾಗ ದೊಡ್ಡ ಕೋಣೆಯವನಿಗೆ ಕೋಣೆ ಪೂರ್ತಿ ಸಿಕ್ಕಿದಂತಲ್ಲ. ನೋಡಲು ಬಂದವರಿಗೆಲ್ಲ ಅವನು ಬಾಗಿಲು ತೆರೆಯಬೇಕು, ಸಾಮಾನು ಹರಡಿಕೊಳ್ಳುವಂತಿಲ್ಲ. ಈ ಅವಧಿಗೆ ಮೂವರೂ ತಲಾ 14,000 ಕೊಡುವುದು ಸೂಕ್ತ. ಖಾಲಿ ಬಿದ್ದ 9,000ದಲ್ಲಿ 5,000ವನ್ನು ದೊಡ್ಡ ಕೋಣೆಯವನೂ ತಲಾ 2,000ವನ್ನು ಉಳಿದಿಬ್ಬರೂ ಹೊತ್ತಂತಾಗುತ್ತದೆ. ಇದಕ್ಕೆ ಕೊನೆಯ ದಿನಾಂಕ ಮಾತ್ರ ಇರಲೇಬೇಕು. ಎರಡು ತಿಂಗಳು ಎಂದಿಟ್ಟುಕೊಂಡರೆ ಆಗಸ್ಟ್ 31ರವರೆಗೆ. ಆಮೇಲೂ ಯಾರೂ ಸಿಗದಿದ್ದರೆ 15,400 ಮತ್ತು 13,300ರ ಲೆಕ್ಕ ಜಾರಿಗೆ ಬರುತ್ತದೆ. ಹೊಸಬರು ಸಿಕ್ಕಿದರೆ ಹಳೆಯ 9,000 ಮತ್ತು 12,000 ಮರಳುತ್ತದೆ. ಕೊನೆಯ ದಿನವಿಲ್ಲದ ತಾತ್ಕಾಲಿಕ ಏರ್ಪಾಡು ಹಾಗೇ ಶಾಶ್ವತವಾಗಿಬಿಡುತ್ತದೆ. ಹೊಸಬರನ್ನು ಹುಡುಕುವ ಕೆಲಸ ಅಷ್ಟಕ್ಕೇ ನಿಲ್ಲುತ್ತದೆ.

ಬಾಡಿಗೆಯ ನಂತರ ತಿಂಗಳ ಖರ್ಚು. ನಾಲ್ಕರ ಬದಲು ಮೂರರಿಂದ ಭಾಗಿಸುವುದು ಎಲ್ಲಕ್ಕೂ ಸರಿಯಲ್ಲ. ಕೆಲವು ಖರ್ಚು ಮನೆಗೆ ಸೇರಿದ್ದು, ಒಬ್ಬರು ಹೋದರೂ ಕಡಿಮೆಯಾಗುವುದಿಲ್ಲ. ಮೇಂಟೆನೆನ್ಸ್, ವೈಫೈ, ಮನೆ ಗುಡಿಸಿ ಒರೆಸುವವರ ಸಂಬಳ ಈ ಬಗೆಯವು. ಮಾದರಿ ಮನೆಯಲ್ಲಿ ಇವು ಸೇರಿ 6,900 ಎಂದರೆ ತಲಾ 1,725 ಇದ್ದದ್ದು 2,300 ಆಗುತ್ತದೆ. ಬೇರೆ ಕೆಲವು ಜನರ ಲೆಕ್ಕದವು. ದಿನಸಿ, ಹಾಲು, ಗ್ಯಾಸ್ ತಾವಾಗಿಯೇ ಇಳಿಯುತ್ತವೆ. ಅಡುಗೆಯವರ ಸಂಬಳವನ್ನು ಅನೇಕ ಕಡೆ ಎಷ್ಟು ಜನಕ್ಕೆ ಅಡುಗೆ ಎಂದು ನೋಡಿ ನಿಗದಿ ಮಾಡುತ್ತಾರೆ. ನಾಲ್ವರಿಗೆ 8,000 ಇದ್ದರೆ ಮೂವರಿಗೆ ಲೆಕ್ಕದಂತೆ 6,000. ಆದರೆ ಅವರು ಬಂದು ಹೋಗುವ ದೂರ, ಒಲೆಯ ಮುಂದೆ ನಿಲ್ಲುವ ಹೊತ್ತು ಹೆಚ್ಚೇನೂ ಕಡಿಮೆಯಾಗಿರುವುದಿಲ್ಲ. ಒಂದೇ ಸಲಕ್ಕೆ 2,000 ಕಡಿತ ಅವರ ಮನೆಯ ಲೆಕ್ಕವನ್ನೇ ಏರುಪೇರು ಮಾಡುತ್ತದೆ. 6,600 ಎಂದು ನಿಲ್ಲಿಸಿದರೆ ಮೂವರಿಗೆ ತಲಾ 200 ಮಾತ್ರ ಹೆಚ್ಚು ಬೀಳುತ್ತದೆ. ಏನೇ ಆದರೂ ಅವರೊಂದಿಗೆ ಮಾತನಾಡಿ ಒಪ್ಪಿಸಿದ ಮೇಲೆ ಆ ಅಂಕಿಯನ್ನು ಪತ್ರದಲ್ಲಿ ಬರೆಯಬೇಕು, ಮೊದಲೇ ತೀರ್ಮಾನಿಸಿ ತಿಂಗಳ ಕೊನೆಗೆ ತಿಳಿಸುವುದು ಸಲ್ಲದು.

ಕರೆಂಟ್ ಬಿಲ್ ಈ ಎರಡರ ನಡುವಿನದು. ಫ್ರಿಜ್, ವೈಫೈ ಪೆಟ್ಟಿಗೆ, ನೀರು ಶುದ್ಧ ಮಾಡುವ ಯಂತ್ರ ಎಷ್ಟು ಜನರಿದ್ದರೂ ಓಡುತ್ತಲೇ ಇರುತ್ತವೆ. ಗೀಸರ್, ಫ್ಯಾನ್, ವಾಷಿಂಗ್ ಮಷೀನ್ ಜನರಿಗೆ ತಕ್ಕಂತೆ ಓಡುತ್ತವೆ. ಎಲ್ಲರೂ ಹಬ್ಬಕ್ಕೆ ಊರಿಗೆ ಹೋಗಿದ್ದ ದಿನಗಳಲ್ಲಿ ಮೀಟರ್ ಎಷ್ಟು ಓಡಿದೆ ಎಂದು ನೋಡಿದರೆ ಮನೆಯ ಮೂಲ ಬಳಕೆ ಸಿಗುತ್ತದೆ. ಮಾದರಿ ಮನೆಯಲ್ಲಿ ನಾಲ್ವರಿದ್ದಾಗ ತಿಂಗಳಿಗೆ 240 ಯೂನಿಟ್ ಬರುತ್ತಿತ್ತು, ಮೂಲ ಬಳಕೆ 60 ಎಂದಿಟ್ಟುಕೊಳ್ಳಬಹುದು. ಉಳಿದ 180 ಎಂದರೆ ಒಬ್ಬರಿಗೆ 45. ಮೂವರಾದಾಗ 60ಕ್ಕೆ 135 ಸೇರಿ 195 ಯೂನಿಟ್ ಆಗಬೇಕು.

ಕರ್ನಾಟಕದಲ್ಲಿ ಈ 240 ಮತ್ತು 195ರ ಅಂತರ ಬಹಳ ಮುಖ್ಯ, ಅದಕ್ಕೆ ಕಾರಣ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ. 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಸಂಪರ್ಕಕ್ಕೂ ಉಚಿತ ಯೂನಿಟ್‌ಗಳ ಮಿತಿಯನ್ನು ಗೊತ್ತುಮಾಡಲಾಯಿತು. ಆ ಮಿತಿಯನ್ನು ದಾಟಿಯೂ 200 ಯೂನಿಟ್‌ನೊಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಾದರಿ ಮನೆಯ ಮಿತಿ 190 ಎಂದಾದರೆ, ನಾಲ್ವರಿದ್ದಾಗ ಪೂರ್ತಿ 240 ಯೂನಿಟ್‌ಗೆ ಹಣ ಕಟ್ಟುತ್ತಿದ್ದ ಮನೆ ಈಗ ಐದು ಯೂನಿಟ್‌ಗೆ ಮಾತ್ರ ಕಟ್ಟುತ್ತದೆ. ಒಬ್ಬರು ಹೋದದ್ದರಿಂದ ಬಾಡಿಗೆ ಏರಿದರೂ ಕರೆಂಟ್ ಬಿಲ್ ಬಹುತೇಕ ಇಲ್ಲವಾಗುತ್ತದೆ. ಆ ಐದು ಯೂನಿಟ್ ಅಂತರ ಕಿರಿದು, ಬೇಸಿಗೆಯಲ್ಲಿ ಯಾರಾದರೂ ಏಸಿ ಹಾಕಿಸಿದರೆ ಮತ್ತೆ ಪೂರ್ತಿ ಬಿಲ್. ಆದ್ದರಿಂದ ಯಾವ ತಿಂಗಳಾದರೂ ಒಬ್ಬರ ಏಸಿಯಿಂದಾಗಿ ಬಳಕೆ 200 ದಾಟಿದರೆ ಆ ತಿಂಗಳ ಬಿಲ್ಲಿನ ಹೆಚ್ಚುವರಿ ಯಾರದು ಎಂಬುದನ್ನು ಪತ್ರದಲ್ಲೇ ಬರೆದಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಗೃಹಜ್ಯೋತಿಯ ನೋಂದಣಿ ಒಬ್ಬರ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಹೊರಟವನ ಆಧಾರ್‌ಗೇ ಅದು ಜೋಡಣೆಯಾಗಿದ್ದರೆ, ಕರ್ನಾಟಕದ ಬೇರೆ ಮನೆಗೆ ಅದನ್ನು ಬಳಸಲು ಅವನು ಹಳೆಯದನ್ನು ಡಿ-ಲಿಂಕ್ ಮಾಡುತ್ತಾನೆ, ಆಗ ಇಲ್ಲಿಯ ರಿಯಾಯಿತಿ ನಿಲ್ಲುತ್ತದೆ. ಅವನು ಹೊರಡುವ ಮುನ್ನವೇ ಸೇವಾಸಿಂಧು ತಾಣದಲ್ಲಿ ಡಿ-ಲಿಂಕ್ ಮಾಡಿಸಿ, ಉಳಿದವರಲ್ಲಿ ಒಬ್ಬರ ಹೆಸರಿಗೆ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಮೀಟರ್ ರೀಡಿಂಗ್ ದಿನ ತಿಂಗಳ ಕೊನೆಯ ದಿನವೇ ಆಗಿರುವುದಿಲ್ಲ. ಹಾಗಾಗಿ ಹೊರಡುವ ದಿನ ಮೀಟರಿನ ಫೋಟೊ ತೆಗೆದಿಟ್ಟುಕೊಂಡರೆ ಅಲ್ಲಿಯವರೆಗಿನದಕ್ಕೆ ನಾಲ್ಕು ಪಾಲು, ಮುಂದಿನದಕ್ಕೆ ಮೂರು ಪಾಲು ಎಂದು ತಕರಾರಿಲ್ಲದೆ ಹಂಚಬಹುದು.

ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವುದು ಅಡ್ವಾನ್ಸ್. ಅದು ಖರ್ಚಲ್ಲ, ಮಾಲೀಕರ ಬಳಿ ಇರುವ ಬಾಡಿಗೆದಾರರದೇ ಹಣ. ಹಾಗಾಗಿ ಅದನ್ನು ತಿಂಗಳ ಲೆಕ್ಕದೊಂದಿಗೆ ಬೆರೆಸಬಾರದು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಬೆಂಗಳೂರಿನ ಹಳೆಯ ರೂಢಿ, ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಮಾದರಿ ಮನೆಯಲ್ಲಿ ಐದು ತಿಂಗಳ ಬಾಡಿಗೆ, 2,10,000. ದೊಡ್ಡ ಕೋಣೆಯವರು ತಲಾ 45,000, ಚಿಕ್ಕ ಕೋಣೆಯವರು ತಲಾ 60,000 ಹಾಕಿದ್ದರು. ಮನೆ ಪೂರ್ತಿ ಖಾಲಿಯಾಗುವವರೆಗೆ ಮಾಲೀಕರು ಇದರಲ್ಲಿ ಬಿಡಿ ಪಾಲನ್ನು ಹಿಂತಿರುಗಿಸುವುದು ಅಪರೂಪ. ಹೊರಟವನಿಗೆ ಹಣ ಕೊಡಬೇಕಾದವರು ಹೊಸದಾಗಿ ಬರುವವರು, ಇಲ್ಲವೇ ಉಳಿದ ಮೂವರು.

ಎಷ್ಟು ಕೊಡಬೇಕು? ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಆ 42,000ದಲ್ಲಿ ಹೊರಟವನ ಪಾಲು 9,000. ಅದನ್ನು ಕಳೆದು 36,000 ಕೊಡಬೇಕು. ಹೊಸಬರು ಬಂದರೆ ಅವರು ಈ 36,000ವನ್ನೇ ಹೊರಟವನಿಗೆ ನೇರವಾಗಿ ಬ್ಯಾಂಕಿನ ಮೂಲಕ ಕೊಡುತ್ತಾರೆ. ಮನೆ ಬಿಡುವ ದಿನ ಮಾಲೀಕರು ಪೇಂಟಿಂಗ್ ಕಳೆದು ಕೊಡುವ 1,68,000ದಲ್ಲಿ ಅವರಿಗೆ ಅಷ್ಟೇ ಮರಳುತ್ತದೆ. ಪೇಂಟಿಂಗ್ ವೆಚ್ಚವನ್ನು ವಾಸವಿದ್ದ ತಿಂಗಳುಗಳಿಗೆ ತಕ್ಕಂತೆ ಹಂಚುವವರೂ ಉಂಟು, ಅದು ಹೆಚ್ಚು ನ್ಯಾಯ, ಲೆಕ್ಕ ಮಾತ್ರ ಸ್ವಲ್ಪ ತೊಡಕು. ಹೊಸಬರು ಸಿಗದಿದ್ದರೆ ಮೂವರೂ ತಲಾ 12,000 ಹಾಕಿ ಕೊಡುವುದು ಒಂದು ದಾರಿ. ಇದಕ್ಕೂ ದಿನಾಂಕ ಬೇಕು. ‘ಯಾರಾದರೂ ಬಂದ ಮೇಲೆ ಕೊಡ್ತೀವಿ’ ಎಂಬ ಮಾತನ್ನು ನಂಬಿ ಪುಣೆಗೆ ಹೋದವನು ಆರು ತಿಂಗಳು ಫೋನ್ ಮಾಡುತ್ತಲೇ ಇರಬೇಕಾಗುತ್ತದೆ.

ಇಷ್ಟೂ ಲೆಕ್ಕ ಕೈಯಲ್ಲಿದ್ದರೆ ಪತ್ರ ಉದ್ದವಾಗಬೇಕಿಲ್ಲ. ಬರೆಯುವವನ ಪಾಲು ಎಷ್ಟು ಏರುತ್ತದೆ ಎಂಬುದು ಮೊದಲು ಬರಬೇಕು, ಇತರರದು ಆಮೇಲೆ. ತನಗೆ ಅನುಕೂಲವಾದದ್ದನ್ನು ಮುಚ್ಚಿಟ್ಟ ಪತ್ರದ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಯಾರ ಸಂಬಳ ಎಷ್ಟು, ಯಾರು ಎಷ್ಟು ಹೊತ್ತು ಸ್ನಾನ ಮಾಡುತ್ತಾರೆ ಎಂಬ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ಹಿಂದಿನ ತಿಂಗಳುಗಳ ಲೆಕ್ಕವನ್ನು ಕೆದಕುವುದೂ ಬೇಡ, ಹೊಸ ಏರ್ಪಾಡು ಮುಂದಿನ ತಿಂಗಳಿಂದ ಮಾತ್ರ. ದೊಡ್ಡ ಕೋಣೆಯಲ್ಲಿ ಉಳಿದವನು ಬರೆಯುವ ಪತ್ರ ಹೀಗಿರಬಹುದು:

‘ಜೂನ್ 8

ಗೆಳೆಯರೇ,

ನನ್ನ ರೂಂಮೇಟ್ ಈ ತಿಂಗಳ 30ಕ್ಕೆ ಮನೆ ಬಿಡುತ್ತಿದ್ದಾನೆ. ಜುಲೈಯಿಂದ ನಮ್ಮ ಮೂವರ ಲೆಕ್ಕ ಹೇಗಿರಬೇಕು ಎಂದು ಯೋಚಿಸಿ ಬರೆದಿದ್ದೇನೆ. ಇದು ಸಲಹೆ ಅಷ್ಟೇ, ನಿಮ್ಮಿಬ್ಬರ ಅಭಿಪ್ರಾಯ ನೋಡಿ ಬದಲಾಯಿಸೋಣ.

ಜುಲೈ, ಆಗಸ್ಟ್ ಎರಡು ತಿಂಗಳು ಹೊಸಬರನ್ನು ಹುಡುಕೋಣ. ಅಲ್ಲಿಯವರೆಗೆ ಮೂವರೂ 14,000 ಕೊಡೋಣ. ನನ್ನದು 5,000 ಹೆಚ್ಚಾಗುತ್ತದೆ, ನಿಮ್ಮದು ತಲಾ 2,000. ಯಾರೂ ಸಿಗದಿದ್ದರೆ ಸೆಪ್ಟೆಂಬರ್‌ನಿಂದ ಕೋಣೆ ನನ್ನೊಬ್ಬನದೇ ಆಗುತ್ತದೆ, ಆಗ ನನ್ನದು 15,400, ನಿಮ್ಮದು 13,300. ಲೆಕ್ಕ ಹೇಗೆ ಬಂತು ಎಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಹೊಸಬರು ಬಂದ ತಿಂಗಳಿಂದ ಹಳೆಯ ಪಾಲೇ ಇರಲಿ.

ಮೇಂಟೆನೆನ್ಸ್, ವೈಫೈ, ಮನೆಕೆಲಸ ಮೂರು ಸಮಪಾಲು. ಅಡುಗೆ ಅಕ್ಕನ ಜೊತೆ ಮಾತಾಡಿದೆ, 6,600ಕ್ಕೆ ಒಪ್ಪಿದ್ದಾರೆ. ಕರೆಂಟ್ ಬಿಲ್ ಮೂರು ಪಾಲು, ಆದರೆ ಯಾರಾದರೂ ಏಸಿ ಹಾಕಿಸಿ 200 ಯೂನಿಟ್ ದಾಟಿದರೆ ಹೆಚ್ಚಾದದ್ದು ಅವರದು. ಗೃಹಜ್ಯೋತಿಯನ್ನು ನನ್ನ ಆಧಾರ್‌ಗೆ ಬದಲಾಯಿಸಿಕೊಳ್ಳುತ್ತೇನೆ.

ಅವನ ಅಡ್ವಾನ್ಸ್ 45,000ದಲ್ಲಿ ಪೇಂಟಿಂಗ್ ಪಾಲು ಕಳೆದು 36,000 ಕೊಡಬೇಕು. ಹೊಸಬರು ಬಂದರೆ ಅವರು ಕೊಡುತ್ತಾರೆ, ಇಲ್ಲದಿದ್ದರೆ ಆಗಸ್ಟ್ 31ಕ್ಕೆ ನಾವು ತಲಾ 12,000 ಹಾಕೋಣ.

ಹೊಸಬರು ಯಾರಾದರೂ ನಾವು ಮೂವರೂ ನೋಡಿ ಒಪ್ಪಬೇಕು. ಭಾನುವಾರ ಬಿಲ್ಲುಗಳನ್ನು ಇಟ್ಟುಕೊಂಡು ಕೂರೋಣ. 15ನೇ ತಾರೀಖಿನೊಳಗೆ ಒಪ್ಪಿಗೆಯನ್ನೋ ತಿದ್ದುಪಡಿಯನ್ನೋ ಬರೆದು ತಿಳಿಸಿ.’

ಪತ್ರವನ್ನು ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿದರೂ ಸಾಕು. ಆದರೆ ಉತ್ತರ ಬರಹದಲ್ಲೇ ಇರಬೇಕು, ಹೆಬ್ಬೆರಳಿನ ಗುರುತು ಯಾವ ಅಂಶಕ್ಕೆ ಒಪ್ಪಿಗೆ ಎಂದು ಹೇಳುವುದಿಲ್ಲ. ಒಬ್ಬರು 13,300 ಹೆಚ್ಚಾಯಿತು ಎಂದರೆ ಪತ್ರದ ಅಂಕಿಗಳನ್ನು ಚೌಕಾಸಿ ಮಾಡುವ ಬದಲು ಸಾಮಾನ್ಯ ಜಾಗದ ಪ್ರಮಾಣವನ್ನು ಮಾತಾಡಬೇಕು. ಅದನ್ನು ಶೇ. 50ರಿಂದ 40ಕ್ಕೆ ಇಳಿಸಿದರೆ ಚಿಕ್ಕ ಕೋಣೆಯವರ ಪಾಲು 13,160 ಆಗುತ್ತದೆ, ದೊಡ್ಡ ಕೋಣೆಯದು 15,680. ಪ್ರಮಾಣ ಅಷ್ಟು ಬದಲಾದರೂ ಮೊತ್ತದಲ್ಲಿ ಆಗುವ ವ್ಯತ್ಯಾಸ 140 ರೂಪಾಯಿ ಮಾತ್ರ ಎಂದು ಕಂಡಾಗ ಚರ್ಚೆ ಬೇಗ ಮುಗಿಯುತ್ತದೆ.

ಏರ್ಪಾಡು ಹಳಿ ತಪ್ಪುತ್ತಿರುವುದು ಮೊದಲು ತಿಳಿಯುವುದು ಮಾಲೀಕರಿಗೆ ಹಣ ಕಳಿಸುವವನ ಖಾತೆಯಲ್ಲಿ. ಬಾಡಿಗೆ ಐದನೇ ತಾರೀಖಿಗೆ ಹೋಗಬೇಕಾಗಿದ್ದು, ಇತರರ ಪಾಲು ಹತ್ತು, ಹನ್ನೆರಡಕ್ಕೆ ಬರತೊಡಗಿದರೆ ಅವನು ಎಲ್ಲರಿಗೂ ಸಾಲ ಕೊಟ್ಟಂತೆ. ಪ್ರತಿಯೊಬ್ಬರೂ ತಮ್ಮ ಪಾಲನ್ನು ನೇರವಾಗಿ ಮಾಲೀಕರ ಖಾತೆಗೆ ಹಾಕಲು ಮಾಲೀಕರು ಒಪ್ಪಿದರೆ ಈ ತೊಂದರೆ ತಪ್ಪುತ್ತದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವವರಿಗೆ ಅವರವರ ಪಾಲಿಗೆ ರಸೀದಿಯೂ ಸಿಗುತ್ತದೆ.

ಗೆಳೆಯರ ನಡುವಿನ ಪತ್ರ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಹೊಸಬರನ್ನು ಸೇರಿಸಲು ಅವರ ಒಪ್ಪಿಗೆ ಬೇಕು, ಒಪ್ಪಿಗೆಯಿಲ್ಲದೆ ಬೇರೆಯವರನ್ನು ಇರಿಸಿಕೊಳ್ಳಬಾರದು ಎಂಬ ಷರತ್ತು ಕರಾರಿನಲ್ಲಿರುವುದೇ ಹೆಚ್ಚು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಮನೆ ಕರಾರುಗಳು ಸಾಮಾನ್ಯವಾಗಿ 11 ತಿಂಗಳವು. ಆ ಅವಧಿ ಹತ್ತಿರವಿದ್ದರೆ ಹೊಸ ಕರಾರನ್ನೇ ಮಾಡಿಸುವುದು ಸುಲಭ, ದೂರವಿದ್ದರೆ ಹೊರಟವನ ಹೆಸರು ತೆಗೆದು ಹೊಸಬರ ಹೆಸರು ಸೇರಿಸುವ ತಿದ್ದುಪಡಿ ಪತ್ರವನ್ನು ಇ-ಸ್ಟ್ಯಾಂಪ್ ಕಾಗದದಲ್ಲಿ ಮಾಡಿಸಿ ಮಾಲೀಕರ ಸಹಿ ಪಡೆಯಬೇಕು. ಆ ಸಹಿ ಬೀಳುವವರೆಗೆ ಪುಣೆಯಲ್ಲಿರುವವನೂ ಈ ಮನೆಯ ಬಾಡಿಗೆಗೆ ಹೊಣೆಗಾರನೇ.